ಯೂರಿಯಾಕ್ಕಿಂತ ಜಾಸ್ತಿ ತೂಕ ವಾಪಸ್ ಹೋಗುತ್ತದೆ

ಪ್ರಶ್ನೆ: ಅಮೋನಿಯಾ, ಕಾರ್ಬನ್ ಡೈಆಕ್ಸೈಡ್ ಸೇರಿದ್ರೆ ಯೂರಿಯಾ ಆಗುತ್ತೆ ಅಂತ ನಮ್ಮ ಬಿ.ಎಸ್ಸಿ. ಪುಸ್ತಕದಲ್ಲಿ ಎರಡೇ ಸಾಲು ಇದೆ ಸರ್. ನಡುವೆ ಕಾರ್ಬಮೇಟ್ ಅಂತ ಒಂದು ಬರುತ್ತೆ, ಅದ್ರಲ್ಲಿ ಅರ್ಧದಷ್ಟು ಯೂರಿಯಾ ಆಗೋದೇ ಇಲ್ಲ ಅಂತ ಮೇಷ್ಟ್ರು ಹೇಳಿದ್ರು. ಹಾಗಾದ್ರೆ ಉಳಿದ ಗ್ಯಾಸ್ ಎಲ್ಲಿಗೆ ಹೋಗುತ್ತೆ? ಸುಮ್ನೆ ಕಂಪ್ರೆಸ್ ಮಾಡಿ ವಾಪಸ್ ಒಳಗೆ ತಳ್ಳಿದ್ರೆ ಆಗಲ್ವಾ? ಅಷ್ಟು ಎತ್ತರದ ಕಾರ್ಖಾನೆ ಯಾಕೆ ಬೇಕು?

ಉತ್ತರ:

ಆಗುವುದಿಲ್ಲ. ಹಾಗೆ ಮಾಡಿದರೆ ಕಂಪ್ರೆಸರ್ ಒಳಗೇ ಬಿಳಿ ಕಲ್ಲು ಕಟ್ಟಿಕೊಳ್ಳುತ್ತದೆ. ಆ ಕಲ್ಲೇ ಕಾರ್ಬಮೇಟ್. ನಾನು ಯೂರಿಯಾ ಪ್ಲಾಂಟಿನಲ್ಲಿ ಇಪ್ಪತ್ತೆರಡು ವರ್ಷ ಶಿಫ್ಟ್ ಮಾಡಿದವನು. ಅಷ್ಟೂ ವರ್ಷ ಯೂರಿಯಾಕ್ಕಿಂತ ಜಾಸ್ತಿ ನನ್ನ ನಿದ್ದೆ ಕೆಡಿಸಿದ್ದು ಈ ಕಾರ್ಬಮೇಟ್. ಹಾಗಾಗಿ ಅದರ ಸ್ವಭಾವದಿಂದಲೇ ಶುರು ಮಾಡುತ್ತೇನೆ.

ರಿಯಾಕ್ಟರ್ ಒಳಗೆ ನಡೆಯುವುದು ಎರಡು ಕ್ರಿಯೆ.

```
2NH3 + CO2 ⇌ NH2COONH4
NH2COONH4 ⇌ NH2CONH2 + H2O
```

ಮೊದಲನೆಯದರಲ್ಲಿ ಎರಡು ಅಮೋನಿಯಾ, ಒಂದು ಕಾರ್ಬನ್ ಡೈಆಕ್ಸೈಡ್ ಸೇರಿ ಅಮೋನಿಯಂ ಕಾರ್ಬಮೇಟ್ ಆಗುತ್ತದೆ. ಇದು ಬಲು ಚುರುಕು. ಒತ್ತಡ ಇದ್ದರೆ ಎರಡೂ ಭೇಟಿಯಾದ ಕೂಡಲೇ ಸೇರಿಕೊಳ್ಳುತ್ತವೆ, ತುಂಬಾ ಶಾಖವನ್ನೂ ಬಿಡುತ್ತವೆ. ಎರಡನೆಯದರಲ್ಲಿ ಆ ಕಾರ್ಬಮೇಟ್ ಒಂದು ನೀರಿನ ಕಣ ಬಿಟ್ಟುಕೊಟ್ಟು ಯೂರಿಯಾ ಆಗುತ್ತದೆ. ಇದು ಸೋಮಾರಿ ಕ್ರಿಯೆ. ಸ್ವಲ್ಪ ಶಾಖ ಕೇಳುತ್ತದೆ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಸಮಯ ಕೇಳುತ್ತದೆ, ಅಷ್ಟು ಕೊಟ್ಟರೂ ಅರ್ಧ ದಾರಿ ದಾಟಿ ನಿಂತುಬಿಡುತ್ತದೆ. ಇನ್ನೂ ಎರಡು ಗಂಟೆ ಒಳಗೇ ಇಟ್ಟರೂ ಹೆಚ್ಚೇನೂ ಸಿಗುವುದಿಲ್ಲ. ಏಕೆಂದರೆ ಹುಟ್ಟಿದ ನೀರು ಯೂರಿಯಾವನ್ನು ಹಿಡಿದು ಮತ್ತೆ ಕಾರ್ಬಮೇಟ್ ಮಾಡುತ್ತಿರುತ್ತದೆ. ಹೋಗುವ ವೇಗ, ಬರುವ ವೇಗ ಸಮ ಆದಲ್ಲಿಗೆ ಆಟ ನಿಂತಿತು. ಈ ನೀರನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಅದರದ್ದೇ.

ಕಾರ್ಬಮೇಟ್ ಒಂದು ಬಿಳಿ ಹರಳು. ಮಾಮೂಲಿ ಗಾಳಿಯ ಒತ್ತಡದಲ್ಲಿ ಅದನ್ನು ಬಿಸಿ ಮಾಡಿದರೆ ಕರಗುವುದಿಲ್ಲ. 60 ಡಿಗ್ರಿ ಆಸುಪಾಸಿನಲ್ಲೇ ಪೂರ್ತಿ ಬಿಚ್ಚಿಕೊಂಡು ಅಮೋನಿಯಾ ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಬೇಕರಿಯವರು ಬಿಸ್ಕತ್ತಿಗೆ ಹಾಕುವ ಅಮೋನಿಯಾ ಪುಡಿ ಇದೆಯಲ್ಲ, ಅದು ಇದರ ದಾಯಾದಿ. ಒಲೆಯಲ್ಲಿ ಅದೂ ಹೀಗೇ ಗ್ಯಾಸ್ ಆಗಿ ಹೋಗುತ್ತದೆ, ಪಾತ್ರೆಯಲ್ಲಿ ಏನೂ ಉಳಿಯುವುದಿಲ್ಲ. ಅಂದರೆ ಕಾರ್ಬಮೇಟನ್ನು ಯೂರಿಯಾ ಆಗುವಷ್ಟು ಬಿಸಿ ಮಾಡಬೇಕಾದರೆ ಅದು ತಪ್ಪಿಸಿಕೊಳ್ಳದ ಹಾಗೆ ಮೇಲಿಂದ ಒತ್ತಿ ಹಿಡಿಯಬೇಕು. ಅದಕ್ಕೇ ರಿಯಾಕ್ಟರ್‌ನಲ್ಲಿ 180ರಿಂದ 190 ಡಿಗ್ರಿ ಶಾಖ, ಸುಮಾರು 140ರಿಂದ 150 ಬಾರ್ ಒತ್ತಡ. ಶಾಖ ಇರುವುದು ಎರಡನೇ ಕ್ರಿಯೆಗೋಸ್ಕರ. ಒತ್ತಡ ಇರುವುದು ಮೊದಲನೇ ಕ್ರಿಯೆ ಹಿಂದಕ್ಕೆ ಓಡದಿರಲಿ ಅಂತ. ಪುಸ್ತಕದಲ್ಲಿ ಎರಡನ್ನೂ ಒಟ್ಟಿಗೆ ಬರೆದುಬಿಡುತ್ತಾರೆ. ಯಾವುದು ಯಾಕೆ ಅಂತ ಗೊತ್ತಾಗುವುದೇ ಇಲ್ಲ.

ಈಗ ಲೆಕ್ಕ ಹಾಕೋಣ. ಲೆಕ್ಕ ನೋಡದೆ ಈ ಕಾರ್ಖಾನೆ ಅರ್ಥ ಆಗುವುದಿಲ್ಲ.

ಒಂದು ಟನ್ ಯೂರಿಯಾ ತಯಾರಾಗಬೇಕು ಅಂದುಕೊಳ್ಳಿ. ಸಮೀಕರಣದ ಪ್ರಕಾರ 567 ಕೆಜಿ ಅಮೋನಿಯಾ, 733 ಕೆಜಿ ಕಾರ್ಬನ್ ಡೈಆಕ್ಸೈಡ್ ಸಾಕು. ಯೂರಿಯಾ ಜೊತೆಗೆ 300 ಕೆಜಿ ನೀರು ಬರುತ್ತದೆ. ಇದು ಕಾಗದದ ಲೆಕ್ಕ. ರಿಯಾಕ್ಟರ್ ಲೆಕ್ಕ ಬೇರೆ. ಒಂದು ಕಾರ್ಬನ್ ಡೈಆಕ್ಸೈಡ್‌ಗೆ ಎರಡು ಅಮೋನಿಯಾ ಅಲ್ಲ, ಸುಮಾರು ಮೂರು ಕೊಡುತ್ತೇವೆ. ಹೆಚ್ಚಿನ ಅಮೋನಿಯಾ ಇದ್ದರೆ ಕ್ರಿಯೆ ಮುಂದಕ್ಕೆ ವಾಲುತ್ತದೆ. ಹಾಗಿದ್ದೂ ಒಂದು ಸುತ್ತಿಗೆ ನೂರರಲ್ಲಿ 58 ಪಾಲು ಕಾರ್ಬನ್ ಡೈಆಕ್ಸೈಡ್ ಮಾತ್ರ ಯೂರಿಯಾ ಆಗುತ್ತದೆ ಅಂತ ಇಟ್ಟುಕೊಳ್ಳೋಣ. ನಾನು ಹೇಳುತ್ತಿರುವ ಬಗೆಯ ಪ್ಲಾಂಟಿಗೆ ಇದು ಮಾಮೂಲಿ ಅಂಕಿ.

ಆಗ ಒಂದು ಟನ್ ಯೂರಿಯಾ ಹೊರಬರಬೇಕಾದರೆ ರಿಯಾಕ್ಟರ್ ಒಳಗೆ 1466 ಕೆಜಿ ಅಮೋನಿಯಾ, 1264 ಕೆಜಿ ಕಾರ್ಬನ್ ಡೈಆಕ್ಸೈಡ್ ಹೋಗಬೇಕು. ಮೇಲಿಂದ ಹೊರಬರುವ ದ್ರವದಲ್ಲಿ ಸಾವಿರ ಕೆಜಿ ಯೂರಿಯಾ ಇರುತ್ತದೆ, 300 ಕೆಜಿ ಹೊಸ ನೀರು ಇರುತ್ತದೆ. ಜೊತೆಗೆ 899 ಕೆಜಿ ಅಮೋನಿಯಾ, 531 ಕೆಜಿ ಕಾರ್ಬನ್ ಡೈಆಕ್ಸೈಡ್ ಹಾಗೇ ಉಳಿದಿರುತ್ತವೆ. ಒಂದಷ್ಟು ಕಾರ್ಬಮೇಟ್ ರೂಪದಲ್ಲಿ, ಮಿಕ್ಕ ಅಮೋನಿಯಾ ಬಿಡಿಯಾಗಿ. ಕೂಡಿ ನೋಡಿ: 1430 ಕೆಜಿ. ತಯಾರಾದ ಯೂರಿಯಾಕ್ಕಿಂತ ವಾಪಸ್ ಹೋಗಬೇಕಾದ ಮಾಲೇ ಜಾಸ್ತಿ! ಯೂರಿಯಾ ಮಾಡುವುದಕ್ಕೆ ಒಂದು ರಿಯಾಕ್ಟರ್ ಸಾಕು. ನೀವು ದೂರದಿಂದ ನೋಡುವ ಉಳಿದ ಉಪಕರಣಗಳಲ್ಲಿ ಬಹುಪಾಲು ಈ 1430 ಕೆಜಿಯ ಚಾಕರಿಗೆ ನಿಂತಿವೆ.

ಹೊಸದಾಗಿ ಬೇಕಾದ 733 ಕೆಜಿ ಕಾರ್ಬನ್ ಡೈಆಕ್ಸೈಡ್ ಎಲ್ಲಿಂದ ಬರುತ್ತದೆ ಅಂತ ಹಲವರು ಕೇಳುತ್ತಾರೆ. ಪಕ್ಕದ ಅಮೋನಿಯಾ ಪ್ಲಾಂಟಿನಿಂದಲೇ. ಅಲ್ಲಿ ನೈಸರ್ಗಿಕ ಅನಿಲವನ್ನೋ ನಾಫ್ತಾವನ್ನೋ ಹಬೆ ಜೊತೆ ಒಡೆದು ಹೈಡ್ರೋಜನ್ ಮಾಡುವಾಗ ಇಂಗಾಲವೆಲ್ಲ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅದನ್ನು ತೊಳೆದು ಬೇರೆ ಮಾಡಿ ನಮಗೆ ಕಳಿಸುತ್ತಾರೆ. ಇಲ್ಲಿ ಒಂದು ತಮಾಷೆ ಇದೆ. ನಾಫ್ತಾದಲ್ಲಿ ಇಂಗಾಲ ಜಾಸ್ತಿ, ಹಾಗಾಗಿ ಕಾರ್ಬನ್ ಡೈಆಕ್ಸೈಡ್ ಮಿಗುತ್ತದೆ. ಮೀಥೇನ್‌ನಲ್ಲಿ ಇಂಗಾಲ ಕಡಿಮೆ. ಸಮೀಕರಣ ಬರೆದು ನೋಡಿದರೆ 16 ಅಮೋನಿಯಾಗೆ 7 ಕಾರ್ಬನ್ ಡೈಆಕ್ಸೈಡ್ ಸಿಗುತ್ತದೆ, ಬೇಕಾದದ್ದು 8. ಪಣಂಬೂರಿನ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಬಹುಕಾಲ ನಾಫ್ತಾದಲ್ಲಿ ನಡೆದು, ಕೊಚ್ಚಿ–ಮಂಗಳೂರು ಗ್ಯಾಸ್ ಪೈಪ್‌ಲೈನ್ ಬಂದ ಮೇಲೆ ಅನಿಲಕ್ಕೆ ಬದಲಾಯಿತು. ಅಂಥ ಬದಲಾವಣೆಯಲ್ಲಿ ಅಮೋನಿಯಾದ ಖರ್ಚು ಇಳಿಯುತ್ತದೆ, ಆದರೆ ಕಾರ್ಬನ್ ಡೈಆಕ್ಸೈಡ್ ಲೆಕ್ಕ ಬಿಗಿಯಾಗುತ್ತದೆ. ಕೆಲವು ಕಾರ್ಖಾನೆಗಳು ಚಿಮಣಿಯ ಹೊಗೆಯಿಂದಲೂ ಅದನ್ನು ಹಿಡಿದು ತರುತ್ತವೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ವಾಪಸ್ ಕಳಿಸುವುದು ಹೇಗೆ?

ಶುರುವಿನ ಪ್ಲಾಂಟುಗಳು ಕಳಿಸುತ್ತಲೇ ಇರಲಿಲ್ಲ. ಉಳಿದ ಅಮೋನಿಯಾವನ್ನು ಆಮ್ಲಕ್ಕೆ ಹಾಯಿಸಿ ಅಮೋನಿಯಂ ಸಲ್ಫೇಟೋ ನೈಟ್ರೇಟೋ ಮಾಡಿ ಮಾರುತ್ತಿದ್ದರು. ಒಂದು ಟನ್ ಯೂರಿಯಾ ಮಾಡಲು ಹೋಗಿ ಅದಕ್ಕಿಂತ ಜಾಸ್ತಿ ಸಲ್ಫೇಟ್ ಮಾರಬೇಕಾದ ಪಾಡು. ಆಮೇಲೆ ಬಂದದ್ದು ಪೂರ್ತಿ ವಾಪಸ್ ಕಳಿಸುವ ಪದ್ಧತಿ. ದ್ರವದ ಒತ್ತಡವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಬಿಸಿ ಮಾಡಿ, ಗ್ಯಾಸ್ ಬಿಡಿಸುವುದು. ಆದರೆ ಬಿಡಿಸಿದ ಗ್ಯಾಸ್ ಎರಡೂ ಸೇರಿದ ಮಿಶ್ರಣ. ತಣ್ಣಗಾದರೆ ಕಾರ್ಬಮೇಟ್ ಹರಳು ಕಟ್ಟುತ್ತದೆ. ಕಂಪ್ರೆಸ್ ಮಾಡಿದರೂ ಅಷ್ಟೆ. ಅದು ದ್ರವವಾಗಿ ಹರಿಯಬೇಕಾದರೆ ಒಂದೋ 150 ಡಿಗ್ರಿಗಿಂತ ಮೇಲೆ ಒತ್ತಡದಲ್ಲಿ ಇರಬೇಕು, ಇಲ್ಲವೇ ನೀರಿನಲ್ಲಿ ಕರಗಿರಬೇಕು. ಕಡಿಮೆ ಒತ್ತಡದಲ್ಲಿ ಮೊದಲನೇ ದಾರಿ ಮುಚ್ಚಿದೆ. ಹಾಗಾಗಿ ನೀರು ಹಾಕಿ ಕರಗಿಸಿ, ಆ ದ್ರಾವಣವನ್ನು ಪಂಪಿನಲ್ಲಿ ರಿಯಾಕ್ಟರ್‌ಗೆ ಎತ್ತುತ್ತಿದ್ದರು.

ಆ ನೀರು ಎಲ್ಲಿಗೆ ಹೋಯಿತು? ರಿಯಾಕ್ಟರ್ ಒಳಕ್ಕೆ! ಯಾವ ನೀರು ಕ್ರಿಯೆಯನ್ನು ಹಿಂದಕ್ಕೆ ಎಳೆಯುತ್ತದೋ ಅದನ್ನೇ ನಾವೇ ಹೊತ್ತು ತಂದು ಸುರಿದ ಹಾಗಾಯಿತು. ನೀರು ಹೆಚ್ಚಾದರೆ ಪರಿವರ್ತನೆ ಇಳಿಯುತ್ತದೆ. ಪರಿವರ್ತನೆ ಇಳಿದರೆ ವಾಪಸ್ ಹೋಗುವ ಮಾಲು ಜಾಸ್ತಿ. ಅದನ್ನು ಕರಗಿಸಲು ಮತ್ತೂ ನೀರು. ಶಿಫ್ಟಿನಲ್ಲಿ ಈ ಸುಳಿಗೆ ಸಿಕ್ಕಿಕೊಂಡವರಿಗೆ ಗೊತ್ತು, ಒಂದು ಸಲ ಬಿದ್ದರೆ ಲೋಡ್ ಇಳಿಸದೆ ಮೇಲೆ ಬರಲಾಗುವುದಿಲ್ಲ.

ಇದನ್ನು ಮುರಿದದ್ದು 1960ರ ದಶಕದಲ್ಲಿ ಬಂದ ಸ್ಟ್ರಿಪ್ಪರ್. ನೆದರ್ಲೆಂಡ್ಸ್‌ನ ಸ್ಟಾಮಿಕಾರ್ಬನ್ ಕಂಪನಿಯವರ ದಾರಿ ಹೀಗಿತ್ತು: ಒತ್ತಡ ಇಳಿಸಲೇ ಬೇಡಿ. 140 ಬಾರ್‌ನಲ್ಲೇ ಕಾರ್ಬಮೇಟನ್ನು ಬಿಚ್ಚಿ.

ಒತ್ತಡ ಇಳಿಸದೆ ಹೇಗೆ ಬಿಚ್ಚುವುದು? ಒದ್ದೆ ಬಟ್ಟೆಯನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಹಾಕಿದರೆ ಒಣಗುವುದಿಲ್ಲ, ಗಾಳಿ ಆಡುವ ಹಜಾರದಲ್ಲಿ ಹಾಕಿದರೆ ಒಣಗುತ್ತದೆ ಅಲ್ವಾ? ಹಜಾರದಲ್ಲಿ ಗಾಳಿಯ ಒತ್ತಡವೇನೂ ಕಡಿಮೆ ಇಲ್ಲ. ಬಟ್ಟೆಯ ಸುತ್ತ ನೀರಾವಿ ನಿಲ್ಲುತ್ತಿಲ್ಲ, ಅಷ್ಟೆ. ಕಾರ್ಬಮೇಟಿಗೂ ಒಟ್ಟು ಒತ್ತಡ ಮುಖ್ಯವಲ್ಲ. ತನ್ನ ಮೇಲೆ ಅಮೋನಿಯಾ ಎಷ್ಟಿದೆ, ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅನ್ನುವುದು ಮುಖ್ಯ. ಕೆಳಗಿನಿಂದ ಶುದ್ಧ ಕಾರ್ಬನ್ ಡೈಆಕ್ಸೈಡ್ ಗಾಳಿಯ ಹಾಗೆ ಬೀಸುತ್ತಿದ್ದರೆ ಅಲ್ಲಿ ಅಮೋನಿಯಾ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆ ಕೊರತೆ ತುಂಬಲು ದ್ರವ ತನ್ನ ಅಮೋನಿಯಾವನ್ನು ಬಿಡುತ್ತದೆ. ಕಾರ್ಬಮೇಟ್ ಒಡೆಯುತ್ತದೆ. ಹೇಗೂ ರಿಯಾಕ್ಟರ್‌ಗೆ ಹೋಗಬೇಕಾದ ಹೊಸ ಕಾರ್ಬನ್ ಡೈಆಕ್ಸೈಡನ್ನು ಮೊದಲು ಈ ದಾರಿಯಲ್ಲಿ ಹಾಯಿಸಿದರು, ಅದೇ ಜಾಣತನ. ಇಟಲಿಯ ಸ್ನಾಮ್‌ಪ್ರೊಗೆಟ್ಟಿಯವರು ಇದೇ ಕೆಲಸವನ್ನು ಅಮೋನಿಯಾದಿಂದ ಮಾಡಿಸಿದರು. ಭಾರತದಲ್ಲಿ ಎರಡೂ ಬಗೆಯ ಪ್ಲಾಂಟುಗಳಿವೆ. ನಾನು ಕಾರ್ಬನ್ ಡೈಆಕ್ಸೈಡ್ ಬಗೆಯದರ ಮಾತನ್ನೇ ಮುಂದುವರಿಸುತ್ತೇನೆ.

ಸ್ಟ್ರಿಪ್ಪರ್ ಅಂದರೆ ನೆಟ್ಟಗೆ ನಿಂತ ಒಂದು ದಪ್ಪ ಸಿಲಿಂಡರ್. ಒಳಗೆ ಸುಮಾರು 6 ಮೀಟರ್ ಉದ್ದದ ಸಣ್ಣ ಕೊಳವೆಗಳು, ನೂರಾರಲ್ಲ, ಸಾವಿರಾರು. ರಿಯಾಕ್ಟರ್‌ನ ದ್ರವ ಮೇಲಿಂದ ಬಂದು ಪ್ರತಿ ಕೊಳವೆಯ ಒಳಗೋಡೆಗೆ ತೆಳ್ಳಗೆ ಅಂಟಿಕೊಂಡು ಇಳಿಯುತ್ತದೆ. ನಡುವಿನ ಖಾಲಿ ಜಾಗದಲ್ಲಿ ಗ್ಯಾಸ್ ಮೇಲೇರುತ್ತದೆ. ಕೊಳವೆಗಳ ಹೊರಗೆ ಸುಮಾರು 20 ಬಾರ್‌ನ ಹಬೆ, ಕಾರ್ಬಮೇಟ್ ಒಡೆಯಲು ಬೇಕಾದ ಶಾಖಕ್ಕೆ. ದ್ರವ ತೆಳ್ಳಗೇ ಇರಬೇಕು, ಬೇಗ ಇಳಿದುಹೋಗಬೇಕು. ತಡ ಮಾಡಿದರೆ ಅಷ್ಟು ಬಿಸಿಯಲ್ಲಿ ಯೂರಿಯಾವೇ ಕೆಡುತ್ತದೆ.

ದ್ರವ ಎಲ್ಲ ಕೊಳವೆಗೂ ಸಮನಾಗಿ ಹಂಚಿಹೋಗಲು ಪ್ರತಿ ಕೊಳವೆಯ ತಲೆಗೂ ಒಂದು ಟೋಪಿ ಇರುತ್ತದೆ, ಫೆರೂಲ್ ಅನ್ನುತ್ತೇವೆ. ಅದರಲ್ಲಿ ಎರಡು ಮಿಲಿಮೀಟರ್ ಲೆಕ್ಕದ ಸಣ್ಣ ತೂತುಗಳು. ವಾರ್ಷಿಕ ಶಟ್‌ಡೌನ್‌ನಲ್ಲಿ ಒಂದೊಂದೇ ಫೆರೂಲ್ ಎತ್ತಿ ತೂತು ಕಟ್ಟಿದೆಯಾ ಅಂತ ನೋಡುವ ಕೆಲಸ ಹೊಸ ಹುಡುಗರ ಪಾಲಿಗೆ ಬರುತ್ತದೆ. ಎಲ್ಲರೂ ಗೊಣಗುತ್ತಾರೆ. ಆದರೆ ತೂತು ಕಟ್ಟಿದ ಕೊಳವೆ ಒಣಗಿ ನಿಲ್ಲುತ್ತದೆ, ಅದರ ಪಾಲಿನ ದ್ರವ ಪಕ್ಕದವುಗಳ ಮೇಲೆ ಬೀಳುತ್ತದೆ, ಅವು ತಮ್ಮ ಕೆಲಸ ಅರ್ಧ ಮಾಡುತ್ತವೆ. ಕೆಳಗಿನಿಂದ ತೆಗೆದ ಸ್ಯಾಂಪಲ್‌ನಲ್ಲಿ ಅಮೋನಿಯಾ ಮೆಲ್ಲಗೆ ಏರತೊಡಗಿದರೆ ನನ್ನ ಮೊದಲ ಗುಮಾನಿ ಈ ಟೋಪಿಗಳ ಮೇಲೇ.

ಚೆನ್ನಾಗಿ ನಡೆಯುವ ಸ್ಟ್ರಿಪ್ಪರ್ ಉಳಿದ ಮಾಲಿನ ಐದರಲ್ಲಿ ನಾಲ್ಕು ಪಾಲನ್ನು ಬಿಡಿಸುತ್ತದೆ. ನಮ್ಮ 1430 ಕೆಜಿಯಲ್ಲಿ ಹೆಚ್ಚುಕಡಿಮೆ 1140 ಕೆಜಿ ಗ್ಯಾಸ್ ಆಗಿ ಮೇಲಕ್ಕೆ ಹೋಯಿತು. ಒತ್ತಡ ಇನ್ನೂ 140 ಬಾರ್. ಇದು ಮುಂದೆ ಕಾರ್ಬಮೇಟ್ ಕಂಡೆನ್ಸರ್‌ಗೆ ಹೋಗುತ್ತದೆ. ಹೊಸ ಅಮೋನಿಯಾ ಕೂಡ ಅಲ್ಲೇ ಬಂದು ಸೇರುತ್ತದೆ. ಅಷ್ಟು ಒತ್ತಡದಲ್ಲಿ 170 ಡಿಗ್ರಿ ಹತ್ತಿರ ಕಾರ್ಬಮೇಟ್ ದ್ರವವಾಗೇ ಹುಟ್ಟುತ್ತದೆ. ಕರಗಿಸಲು ನೀರು ಸುರಿಯುವ ಪ್ರಮೇಯವೇ ಬರುವುದಿಲ್ಲ.

ಇದರಿಂದ ಇನ್ನೊಂದು ಲಾಭ ಆಯಿತು. ನನ್ನ ಪ್ರಕಾರ ಇದೇ ದೊಡ್ಡದು. ಕಾರ್ಬಮೇಟ್ ಹುಟ್ಟುವಾಗ ತುಂಬಾ ಶಾಖ ಬಿಡುತ್ತದೆ ಅಂದೆನಲ್ಲ. ಹಳೇ ಪದ್ಧತಿಯಲ್ಲಿ ಕಡಿಮೆ ಒತ್ತಡದಲ್ಲಿ, ಉಗುರುಬೆಚ್ಚಗಿಂತ ಸ್ವಲ್ಪ ಮೇಲಿನ ಬಿಸಿಯಲ್ಲಿ ಅದು ಹುಟ್ಟುತ್ತಿತ್ತು. ಆ ಶಾಖ ಯಾವ ಕೆಲಸಕ್ಕೂ ಬಾರದೆ ಕೂಲಿಂಗ್ ಟವರ್ ಪಾಲಾಗುತ್ತಿತ್ತು. ಈಗ ಅದೇ ಶಾಖ 170 ಡಿಗ್ರಿಯಲ್ಲಿ ಸಿಗುತ್ತಿದೆ. ಕಂಡೆನ್ಸರ್‌ನ ಹೊರಬದಿಗೆ ನೀರು ಕೊಟ್ಟರೆ ನಾಲ್ಕೂವರೆ ಬಾರ್‌ನ ಹಬೆ ಪುಕ್ಕಟೆ. ಮುಂದೆ ಯೂರಿಯಾದ ನೀರು ಹಾರಿಸಲು ಬೇಕಾದದ್ದು ಇದೇ ಹಬೆ. ಅಂದರೆ ಸ್ಟ್ರಿಪ್ಪರ್‌ಗೆ ಕೊಟ್ಟ 20 ಬಾರ್ ಹಬೆಯ ಶಾಖವನ್ನು ಕಾರ್ಬಮೇಟ್ ಹೊತ್ತು ತಂದು ಇಲ್ಲಿ ಇಳಿಸುತ್ತದೆ. ಒಂದೇ ಶಾಖ ಎರಡು ಸಲ ದುಡಿಯಿತು.

ಕಂಡೆನ್ಸರ್‌ನಲ್ಲಿ ಎಲ್ಲ ಗ್ಯಾಸನ್ನೂ ದ್ರವ ಮಾಡಿಬಿಡಬಾರದು. ಸ್ವಲ್ಪ ಗ್ಯಾಸ್ ಹಾಗೇ ರಿಯಾಕ್ಟರ್‌ಗೆ ಹೋಗಿ ಅಲ್ಲಿ ಕಾರ್ಬಮೇಟ್ ಆಗಬೇಕು. ಸೋಮಾರಿ ಕ್ರಿಯೆಗೆ ಬೇಕಾದ ಬಿಸಿ ಬರುವುದು ಅದರಿಂದಲೇ. ರಿಯಾಕ್ಟರ್‌ಗೆ ಬೇರೆ ಒಲೆ ಇಲ್ಲ. ಹಾಗಾದರೆ ಬಿಸಿ ಹೆಚ್ಚು ಕಡಿಮೆ ಮಾಡುವುದು ಹೇಗೆ? ಕಂಡೆನ್ಸರ್‌ನ ಹಬೆಯ ಒತ್ತಡದಿಂದ. ಹಬೆಯ ಒತ್ತಡ ಸ್ವಲ್ಪ ಇಳಿಸಿದರೆ ಆ ಕಡೆ ನೀರು ತಣ್ಣಗಾಗುತ್ತದೆ, ಹೆಚ್ಚು ಗ್ಯಾಸ್ ಅಲ್ಲೇ ದ್ರವವಾಗುತ್ತದೆ, ರಿಯಾಕ್ಟರ್‌ಗೆ ಬಿಸಿ ಸಾಲದೆ ಮೇಲ್ಭಾಗದ ಉಷ್ಣತೆ ಬೀಳುತ್ತದೆ. ಏರಿಸಿದರೆ ಇದರ ಉಲ್ಟಾ. ಹೊಸ ಆಪರೇಟರ್ ರಿಯಾಕ್ಟರ್ ತಣ್ಣಗಾದಾಗ ರಿಯಾಕ್ಟರ್‌ನಲ್ಲೇ ದೋಷ ಹುಡುಕುತ್ತಾನೆ. ಹಳಬ ಮೊದಲು ನೋಡುವುದು ಹಬೆಯ ಡ್ರಮ್ಮಿನ ಗೇಜ್.

ಎತ್ತರದ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ರಿಯಾಕ್ಟರ್, ಸ್ಟ್ರಿಪ್ಪರ್, ಕಂಡೆನ್ಸರ್ ಮೂರೂ ಒಂದೇ ಒತ್ತಡದಲ್ಲಿವೆ. ಹಾಗಾಗಿ ಇವುಗಳ ನಡುವೆ ದ್ರವ ಸುತ್ತಲು ಪಂಪ್ ಬೇಕಿಲ್ಲ, ಏರುತಗ್ಗು ಇದ್ದರೆ ಸಾಕು. ಕಂಡೆನ್ಸರನ್ನು ಮೇಲೆ ಕೂರಿಸಿದರೆ ಕಾರ್ಬಮೇಟ್ ತಾನಾಗೇ ರಿಯಾಕ್ಟರ್‌ನ ಬುಡಕ್ಕೆ ಇಳಿಯುತ್ತದೆ. ಮಳೆನೀರು ಸೂರಿನಿಂದ ತೊಟ್ಟಿಗೆ ಇಳಿದ ಹಾಗೆ. 170 ಡಿಗ್ರಿಯ ಕಾರ್ಬಮೇಟಿಗೆ ಪಂಪ್ ಇಡುವುದಕ್ಕಿಂತ ಕಟ್ಟಡ ಎತ್ತರಿಸುವುದೇ ಲೇಸು ಅಂತ ಶುರುವಿನ ಎಂಜಿನಿಯರುಗಳು ತೀರ್ಮಾನಿಸಿದ್ದರು. ಈಚಿನ ವಿನ್ಯಾಸಗಳಲ್ಲಿ ಕಂಡೆನ್ಸರನ್ನು ಅಡ್ಡ ಮಲಗಿಸಿ ಎತ್ತರ ಇಳಿಸಿದ್ದಾರೆ. ನೀವು ದೂರದಿಂದ ಕಾಣುವ ಇನ್ನೊಂದು ಎತ್ತರದ ಗೋಪುರ ಬೇರೆ. ಅದು ಪ್ರಿಲ್ಲಿಂಗ್ ಟವರ್. ಕರಗಿದ ಯೂರಿಯಾವನ್ನು ಮೇಲಿಂದ ಹನಿಹನಿಯಾಗಿ ಬಿಟ್ಟು, ಬೀಳುವಾಗಲೇ ಗಾಳಿಗೆ ಕಾಳು ಕಟ್ಟಿಸುವುದಕ್ಕೆ.

ಉಳಿದ ಐದನೇ ಒಂದು ಪಾಲು, ಅಂದರೆ 290 ಕೆಜಿ, ಯೂರಿಯಾ ಜೊತೆ ಕೆಳಗೆ ಇಳಿಯುತ್ತದೆ. ಇದಕ್ಕೆ ಹಳೇ ಮದ್ದೇ ಗತಿ. ಒತ್ತಡವನ್ನು ನಾಲ್ಕು ಬಾರ್‌ಗೆ ಇಳಿಸಿ, ಬಿಸಿ ಮಾಡಿ, ಗ್ಯಾಸ್ ಬಿಡಿಸಿ, ನೀರಿನಲ್ಲಿ ಹಿಡಿದು, ದೊಡ್ಡ ಪಂಪಿನಲ್ಲಿ ಮೇಲೆತ್ತುವುದು. ಆದರೆ ಮಾಲು ಕಡಿಮೆಯಾದ್ದರಿಂದ ನೀರೂ ಕಡಿಮೆ. ಟನ್ನಿಗೆ ನೂರು ಚಿಲ್ಲರೆ ಕೆಜಿ ನೀರು ವಾಪಸ್ ಹೋಗುತ್ತದೆ. 1430 ಕೆಜಿಯನ್ನೂ ಹೀಗೇ ಹಿಡಿದಿದ್ದರೆ ಅದರ ಹಲವು ಪಟ್ಟು ಹೋಗುತ್ತಿತ್ತು.

ಈ ಕಡಿಮೆ ಒತ್ತಡದ ಕಾರ್ಬಮೇಟ್ ಲೈನೇ ನನಗೆ ಪಾಠ ಕಲಿಸಿದ್ದು. ದ್ರಾವಣ 70 ಡಿಗ್ರಿ ಆಸುಪಾಸು ಇರುತ್ತದೆ. ಅದಕ್ಕಿಂತ ತುಸು ತಣ್ಣಗಾದರೂ ಹರಳು. ಅದಕ್ಕೇ ಪೈಪಿನ ಮೈಗೆ ಸಣ್ಣ ಹಬೆಯ ಕೊಳವೆ ಸುತ್ತಿರುತ್ತದೆ, ಟ್ರೇಸಿಂಗ್ ಅನ್ನುತ್ತಾರೆ. ನಾನು ಸೇರಿದ ಎರಡನೇ ವರ್ಷ, ಒಂದು ರಾತ್ರಿ ಶಿಫ್ಟು. ಟ್ರೇಸಿಂಗಿನಲ್ಲಿ ಹಬೆ ತಣಿದ ನೀರನ್ನು ಹೊರಗೆ ಬಿಡುವ ಒಂದು ಸ್ಟೀಮ್ ಟ್ರಾಪ್ ಕಟ್ಟಿಕೊಂಡಿತ್ತು, ಯಾರೂ ಗಮನಿಸಿರಲಿಲ್ಲ. ಎರಡು ಗಂಟೆ ಹೊತ್ತಿಗೆ ಟ್ಯಾಂಕಿನ ಮಟ್ಟ ಏರತೊಡಗಿತು. ಕಾರ್ಬಮೇಟ್ ಪಂಪಿನ ಆಂಪಿಯರ್ ಇಳಿಯಿತು. ಪಂಪಿನ ಸದ್ದು ಕಲ್ಲು ಅರೆದ ಹಾಗೆ ಆಯಿತು. ನಾನು ಮಟ್ಟ ತೋರಿಸುವ ಉಪಕರಣ ಕೆಟ್ಟಿದೆ ಅಂದುಕೊಂಡೆ. ಕೈಯಲ್ಲಿ ಪೈಪ್ ಮುಟ್ಟಿ ನೋಡಿದ್ದರೆ ಒಂದು ಗೇಣು ಉದ್ದ ತಣ್ಣಗಿದ್ದದ್ದು ಗೊತ್ತಾಗುತ್ತಿತ್ತು.

ಕಟ್ಟಿದ ಜಾಗ ಸಿಕ್ಕ ಮೇಲೆ ನಾನು ಹಬೆಯ ಹೋಸ್ ತಂದು ನಡುಮಧ್ಯಕ್ಕೆ ಹಿಡಿಯಲು ಹೊರಟೆ. ಫೋರ್‌ಮನ್ ಭುಜ ಹಿಡಿದು ಹಿಂದಕ್ಕೆ ಎಳೆದರು. "ಎರಡೂ ಕಡೆ ಬಿರಡೆ ಇದೆ ಕಣಪ್ಪಾ, ನಡುವೆ ಕಾಯಿಸಿದ್ರೆ ಪೈಪ್ ಬಾಂಬ್ ಆಗುತ್ತೆ" ಅಂದರು. ಸರಿಯಾದ ಮಾತು. ಮಂಜುಗಡ್ಡೆ ಆದರೆ ಬಿಸಿಗೆ ನೀರಾಗುತ್ತದೆ. ಇದು ಗ್ಯಾಸ್ ಆಗುತ್ತದೆ. ಎರಡು ಹರಳಿನ ಬಿರಡೆಗಳ ನಡುವೆ ಆ ಗ್ಯಾಸಿಗೆ ಹೋಗಲು ಜಾಗ ಇರುವುದಿಲ್ಲ. ತೆರೆದಿರುವ ತುದಿಯಿಂದ ಶುರು ಮಾಡಿ, ಬಿಸಿ ಕಂಡೆನ್ಸೇಟ್, ಅಂದರೆ ಹಬೆ ತಣಿದು ಆದ ನೀರು, ಹಾಯಿಸುತ್ತಾ ಒಂದೊಂದು ಗೇಣು ಬಿಡಿಸಿಕೊಂಡು ಬಂದೆವು. ಬೆಳಗಿನ ಆರಾಯಿತು.

ಕಾರ್ಬಮೇಟಿನ ಇನ್ನೊಂದು ಕೆಟ್ಟ ಬುದ್ಧಿ ಕಬ್ಬಿಣ ತಿನ್ನುವುದು. ಮಾಮೂಲಿ ಉಕ್ಕನ್ನು ಅದು ಬೆಲ್ಲದ ಹಾಗೆ ಕರಗಿಸುತ್ತದೆ. ರಿಯಾಕ್ಟರ್‌ನ ಹೊರಮೈ ದಪ್ಪ ಉಕ್ಕಿನದ್ದು, ಒಳಗೆ ವಿಶೇಷ ಸ್ಟೇನ್‌ಲೆಸ್ ಸ್ಟೀಲಿನ ಅಸ್ತರಿ. ಆ ಸ್ಟೇನ್‌ಲೆಸ್ ಕೂಡ ತನ್ನಷ್ಟಕ್ಕೆ ಉಳಿಯುವುದಿಲ್ಲ. ಅದರ ಮೇಲೆ ಆಕ್ಸೈಡಿನ ತೆಳು ಪದರ ಇರುವ ತನಕ ಮಾತ್ರ ಉಳಿವು. ಕಾರ್ಬಮೇಟ್ ಆ ಪದರವನ್ನು ಕೆರೆಯುತ್ತಲೇ ಇರುತ್ತದೆ. ಹಾಗಾಗಿ ಕಾರ್ಬನ್ ಡೈಆಕ್ಸೈಡ್ ಜೊತೆ ಬೇಕೆಂದೇ ಸ್ವಲ್ಪ ಗಾಳಿ ಬಿಡುತ್ತೇವೆ. ಆಮ್ಲಜನಕ ಶೇಕಡ 0.6 ಆಸುಪಾಸು ಇದ್ದರೆ ಪದರ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತದೆ. ಈ ಗಾಳಿ ನಿಂತರೆ ಪ್ಲಾಂಟ್ ನಡೆಸುವಂತಿಲ್ಲ. ಅಸ್ತರಿಯಲ್ಲಿ ಬಿರುಕು ಬಿಟ್ಟರೆ ತಿಳಿಯಲಿ ಅಂತ ಹೊರಗಿನ ಉಕ್ಕಿಗೆ ಅಲ್ಲಲ್ಲಿ ಸಣ್ಣ ತೂತು ಕೊರೆದಿರುತ್ತಾರೆ, ವೀಪ್ ಹೋಲ್ ಅಂತ. ಅದರ ಬಾಯಲ್ಲಿ ಬಿಳಿ ಪುಡಿ ಕಂಡರೆ ಅಥವಾ ಮೂಗಿಗೆ ಅಮೋನಿಯಾ ಅಡರಿದರೆ ಆ ಕ್ಷಣವೇ ನಿಲ್ಲಿಸಬೇಕು. ಬಿಳಿ ಪುಡಿಯನ್ನು ಒರೆಸಿ ಶಿಫ್ಟ್ ಮುಗಿಸಿ ಹೋದವರನ್ನೂ ನೋಡಿದ್ದೇನೆ. ಅಂಥ ತೂತು ತಾನಾಗೇ ಕಟ್ಟಿಕೊಳ್ಳುತ್ತದೆ, ಸೋರಿಕೆ ಮಾತ್ರ ಒಳಗೊಳಗೇ ಉಕ್ಕನ್ನು ತಿನ್ನುತ್ತಿರುತ್ತದೆ. ಇನ್ನೊಂದು ಸುಳಿವು ಲ್ಯಾಬಿನಿಂದ ಬರುತ್ತದೆ. ಯೂರಿಯಾದಲ್ಲಿ ನಿಕ್ಕಲ್ ಅಂಶ ಏರಿದರೆ ಎಲ್ಲೋ ಸ್ಟೇನ್‌ಲೆಸ್ ಕರಗುತ್ತಿದೆ ಅಂತ ಅರ್ಥ.

ಕೊನೆಗೆ ಆ 300 ಕೆಜಿ ನೀರು. ಯೂರಿಯಾ ದ್ರಾವಣವನ್ನು ನಿರ್ವಾತದಲ್ಲಿ ಕಾಯಿಸಿ ಅದನ್ನು ಹಾರಿಸುತ್ತೇವೆ. ನಿರ್ವಾತ ಯಾಕೆಂದರೆ ಕಡಿಮೆ ಬಿಸಿಯಲ್ಲಿ, ಕಡಿಮೆ ಹೊತ್ತಿನಲ್ಲಿ ಮುಗಿಯಲಿ ಅಂತ. ಇಲ್ಲದಿದ್ದರೆ ಎರಡು ಯೂರಿಯಾ ಕಣ ಸೇರಿ ಅಮೋನಿಯಾ ಬಿಟ್ಟು ಬಯೂರೆಟ್ ಆಗುತ್ತದೆ. ನಮ್ಮ ದೇಶದ ಗೊಬ್ಬರ ನಿಯಮದಲ್ಲಿ ಅದರ ಮಿತಿ ಶೇಕಡ 1.5. ಕಿತ್ತಳೆ, ಅನಾನಸಿನಂಥ ಬೆಳೆಗೆ ಎಲೆಯ ಮೇಲೆ ಯೂರಿಯಾ ಸಿಂಪಡಿಸುವವರು ಇದನ್ನು ನೋಡಬೇಕು, ಬಯೂರೆಟ್ ಜಾಸ್ತಿ ಇದ್ದರೆ ಎಲೆ ಹಳದಿಯಾಗುತ್ತದೆ. ನೀವು ಲ್ಯಾಬಿನಲ್ಲೇ ಇದನ್ನು ಮಾಡಬಹುದು. ಒಣ ಪ್ರನಾಳದಲ್ಲಿ ಯೂರಿಯಾ ಕರಗಿಸಿ, 133 ಡಿಗ್ರಿ ದಾಟಿದ ಮೇಲೂ ಕಾಯಿಸುತ್ತಾ ಇರಿ. ಅಮೋನಿಯಾ ವಾಸನೆ ಬರುತ್ತದೆ. ತಣ್ಣಗಾದ ಮೇಲೆ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕರಗಿಸಿ ಒಂದು ಹನಿ ಮೈಲುತುತ್ತದ ನೀರು ಬಿಟ್ಟರೆ ನೇರಳೆ ಬಣ್ಣ.

ಹಾರಿಸಿದ ನೀರನ್ನು ಹಾಗೇ ಹೊರಗೆ ಬಿಡುವಂತಿಲ್ಲ, ಅದರಲ್ಲಿ ಅಮೋನಿಯಾವೂ ಸ್ವಲ್ಪ ಯೂರಿಯಾವೂ ಇರುತ್ತವೆ. ಅಮೋನಿಯಾವನ್ನು ಹಬೆಯಿಂದ ಬಿಡಿಸಬಹುದು, ಯೂರಿಯಾ ಹಾರುವುದಿಲ್ಲ. ಅದಕ್ಕೆ ಆ ನೀರನ್ನು 200 ಡಿಗ್ರಿ ಹತ್ತಿರ ಕಾಯಿಸಿ, ಎರಡನೇ ಸಮೀಕರಣವನ್ನು ಬೇಕೆಂದೇ ಹಿಂದಕ್ಕೆ ಓಡಿಸುತ್ತೇವೆ. ಯೂರಿಯಾ ಮತ್ತೆ ಕಾರ್ಬಮೇಟ್ ಆಗಿ, ಗ್ಯಾಸ್ ಆಗಿ, ಮತ್ತದೇ ಸುತ್ತಿಗೆ ಸೇರಿಕೊಳ್ಳುತ್ತದೆ. ಉಳಿದ ನೀರು ಬಾಯ್ಲರ್‌ಗೆ ಹಾಕುವಷ್ಟು ಚೊಕ್ಕ.

ನಿಮ್ಮ ಹೊಲದಲ್ಲೂ ಇದೇ ಹಿಂದಿನ ಓಟ ನಡೆಯುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳ ಯೂರಿಯೇಸ್ ಕಿಣ್ವ ಯೂರಿಯಾಕ್ಕೆ ನೀರು ಸೇರಿಸಿ ಮೊದಲು ಒಂದು ಅಮೋನಿಯಾ, ಒಂದು ಕಾರ್ಬಮೇಟ್ ಮಾಡುತ್ತದೆ. ಆ ಕಾರ್ಬಮೇಟ್ ಕ್ಷಣದಲ್ಲಿ ತಾನೇ ಒಡೆದು ಇನ್ನೊಂದು ಅಮೋನಿಯಾ ಬಿಡುತ್ತದೆ. 180 ಡಿಗ್ರಿಯೂ ಬೇಡ, 140 ಬಾರೂ ಬೇಡ, ತೇವ ಇದ್ದರೆ ಕೆಲವೇ ದಿನ ಸಾಕು. ಮೇಲುಗೊಬ್ಬರ ಎರಚಿ ಮಣ್ಣು ಮುಚ್ಚದೆ ಬಿಟ್ಟ ಹೊಲದಲ್ಲಿ, ಇಬ್ಬನಿ ಬಿದ್ದ ಮರುದಿನ ಬಿಸಿಲೇರುವ ಹೊತ್ತಿಗೆ ನೆಲಕ್ಕೆ ಬಗ್ಗಿ ಮೂಸಿ ನೋಡಿ. ನಮ್ಮ ವೀಪ್ ಹೋಲ್ ಬಾಯಲ್ಲಿ ಬರುವ ವಾಸನೆಯೇ ಅದು.